ಈಸಿನೋಫಿಲ್ ಜಾಸ್ತಿ, ಐಜಿಇ ಜಾಸ್ತಿ: ಅಲರ್ಜಿಯೋ, ಹುಳವೋ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಕೆಮ್ಮು, ಉಬ್ಬಸ, ಮೈ ತುರಿಕೆ ಎಂದು ರಕ್ತ ಪರೀಕ್ಷೆ ಮಾಡಿಸಿದವರ ಕೈಯಲ್ಲಿ ಇಂಥ ರಿಪೋರ್ಟ್ ಆಗಾಗ ಕಾಣುತ್ತದೆ. ಕೆಳಗಿನ ಉತ್ತರಗಳಲ್ಲಿ ಒಂದೇ ಉದಾಹರಣೆಯನ್ನು ಉದ್ದಕ್ಕೂ ಬಳಸಿದ್ದೇವೆ. ಅದು ವಿವರಣೆಗಾಗಿ ನಾವೇ ಕಟ್ಟಿದ ಉದಾಹರಣೆ. ಮಳವಳ್ಳಿ ಕಡೆಯ 46 ವರ್ಷದ ರೈತ, ಭತ್ತ ಮತ್ತು ಕಬ್ಬಿನ ಗದ್ದೆಯಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರು, ತೂಕ 58 ಕೆಜಿ. ಎಂಟು ತಿಂಗಳಿಂದ ಉಬ್ಬಸ, ಆಗಾಗ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಸೊಂಟ ಮತ್ತು ಪಿರ್ರೆಯ ಸುತ್ತ ಬಂದು ಹೋಗುವ ತುರಿಕೆ. ಒಟ್ಟು ಬಿಳಿ ರಕ್ತಕಣ 9,800, ಈಸಿನೋಫಿಲ್ ಶೇ. 18, ಒಟ್ಟು ಐಜಿಇ 1,240. ಮಲ ಪರೀಕ್ಷೆಯಲ್ಲಿ ಏನೂ ಕಂಡಿಲ್ಲ.

ಈಸಿನೋಫಿಲ್ ಶೇ. 18 ಅಂದರೆ ಎಷ್ಟು ಜಾಸ್ತಿ? ಶೇಕಡಾ ನೋಡಿದರೆ ಸಾಕೇ?

ಸಾಲದು. ಈಸಿನೋಫಿಲ್ ಒಂದು ಬಗೆಯ ಬಿಳಿ ರಕ್ತಕಣ. ಡಿಫರೆನ್ಷಿಯಲ್ ಕೌಂಟ್ ಹೇಳುವುದು ನೂರು ಬಿಳಿ ಕಣಗಳಲ್ಲಿ ಈಸಿನೋಫಿಲ್ ಎಷ್ಟು ಎಂಬುದನ್ನು ಮಾತ್ರ. ಒಟ್ಟು ಕಣಗಳೇ ಕಡಿಮೆ ಇದ್ದಾಗ ಶೇಕಡಾ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ನೋಡಬೇಕಾದದ್ದು ಎಇಸಿ, ಅಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿರುವ ಈಸಿನೋಫಿಲ್‌ಗಳ ನಿಜವಾದ ಸಂಖ್ಯೆ. ರಿಪೋರ್ಟ್‌ನಲ್ಲಿ ಅದು ಇಲ್ಲದಿದ್ದರೆ ನೀವೇ ಲೆಕ್ಕ ಹಾಕಬಹುದು:

ಎಇಸಿ = ಒಟ್ಟು ಬಿಳಿ ರಕ್ತಕಣ × ಈಸಿನೋಫಿಲ್ ಶೇಕಡಾ ÷ 100

ನಮ್ಮ ರೈತನಿಗೆ 9,800 × 18 ÷ 100 = 1,764. ಇನ್ನೊಬ್ಬರಿಗೆ ಒಟ್ಟು ಕಣ 5,200, ಈಸಿನೋಫಿಲ್ ಶೇ. 8 ಇದೆ ಅನ್ನಿ. ಲ್ಯಾಬ್‌ನವರು ಆ 8ರ ಪಕ್ಕ ‘ಹೆಚ್ಚು’ ಎಂಬ ಗುರುತು ಹಾಕಿರುತ್ತಾರೆ, ಆದರೆ ಎಇಸಿ ಬರುವುದು 416. ಅದು ಸಹಜ ಮಿತಿಯೊಳಗೇ ಇದೆ, ಅದಕ್ಕೆ ಔಷಧಿ ಬೇಕಿಲ್ಲ.

500ರವರೆಗೆ ಸಹಜ. 500ರಿಂದ 1,500 ಸೌಮ್ಯ ಏರಿಕೆ, 1,500ರಿಂದ 5,000 ಮಧ್ಯಮ, ಅದಕ್ಕಿಂತ ಮೇಲೆ ತೀವ್ರ. ಇದು ರೋಗದ ಹೆಸರಲ್ಲ, ಒಳಗೆ ಏನೋ ನಡೆಯುತ್ತಿದೆ ಎಂಬ ಸುಳಿವು. 1,764 ಬಂದಾಗ ‘ಧೂಳಿನ ಅಲರ್ಜಿ ಬಿಡಿ’ ಎಂದು ಅಲ್ಲಿಗೇ ಮುಗಿಸುವಂತಿಲ್ಲ.

ಎರಡು ಲ್ಯಾಬ್‌ಗಳಲ್ಲಿ ಎರಡು ಥರ ಬಂತು. ಯಾವುದನ್ನು ನಂಬುವುದು?

ಎರಡೂ ಸರಿಯಿರಬಹುದು. ಸ್ಲೈಡ್ ಮೇಲೆ ನೂರು ಕಣ ಎಣಿಸಿ 6 ಈಸಿನೋಫಿಲ್ ಸಿಕ್ಕರೆ, ನಿಜವಾದ ಪ್ರಮಾಣ ಸುಮಾರು 2ರಿಂದ 13ರ ನಡುವೆ ಎಲ್ಲಿಯಾದರೂ ಇರಬಹುದು. ಎಣಿಸಿದ ಕಣಗಳು ಕಡಿಮೆಯಾದಷ್ಟೂ ಈ ಅಂತರ ದೊಡ್ಡದು. ಯಂತ್ರ ಸಾವಿರಾರು ಕಣ ಎಣಿಸುವುದರಿಂದ ಅದರ ಸಂಖ್ಯೆ ಹೆಚ್ಚು ಸ್ಥಿರ. ಆದರೂ ಮೊದಲ ಬಾರಿ ಬಹಳ ಹೆಚ್ಚು ಬಂದಾಗ ಸ್ಲೈಡನ್ನು ಕಣ್ಣಲ್ಲಿ ನೋಡಿ ಖಚಿತಪಡಿಸಲು ಲ್ಯಾಬ್‌ನವರನ್ನು ಕೇಳಿ.

ಹೊತ್ತೂ ಮುಖ್ಯ. ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸೋಲ್ ಬೆಳಗ್ಗೆ ಹೆಚ್ಚು, ಆಗ ಈಸಿನೋಫಿಲ್ ಕಡಿಮೆ. ರಾತ್ರಿ ಅದರ ತಿರುವುಮುರುವು. ಹಾಗಾಗಿ ಹೋಲಿಸಬೇಕೆಂದರೆ ಒಂದೇ ಲ್ಯಾಬ್‌ನಲ್ಲಿ, ಒಂದೇ ಹೊತ್ತಿನಲ್ಲಿ ಕೊಡಿ. ಬ್ಯಾಕ್ಟೀರಿಯಾ ಸೋಂಕಿನ ಜೋರು ಜ್ವರದಲ್ಲಿ ಈಸಿನೋಫಿಲ್ ತಾತ್ಕಾಲಿಕವಾಗಿ ಇಳಿಯುತ್ತದೆ. ಉಬ್ಬಸಕ್ಕೆಂದು ಸ್ಟೀರಾಯ್ಡ್ ಸೂಜಿ ಹಾಕಿಸಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಸೊನ್ನೆಯ ಹತ್ತಿರ ಬರುತ್ತದೆ. ಆಗ ಬಂದ ‘ನಾರ್ಮಲ್’ ರಿಪೋರ್ಟ್‌ಗೆ ಅರ್ಥವಿಲ್ಲ. ಯಾವ ಸೂಜಿ, ಯಾವ ಮಾತ್ರೆ ಎಂದು ಗೊತ್ತಿಲ್ಲದಿದ್ದರೆ ಚೀಟಿಯನ್ನೋ ಖಾಲಿ ಸ್ಟ್ರಿಪ್ಪನ್ನೋ ಡಾಕ್ಟರಿಗೆ ತೋರಿಸಿ.

ಐಜಿಇ 1,240 ಬಂದಿದೆ. ಇಷ್ಟೊಂದು ಅಲರ್ಜಿಯೇ?

ಐಜಿಇ ಒಂದು ಬಗೆಯ ಪ್ರತಿಕಾಯ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಅಂತರರಾಷ್ಟ್ರೀಯ ಯೂನಿಟ್ ಒಳಗಿರುತ್ತದೆ. ಲ್ಯಾಬ್‌ನಿಂದ ಲ್ಯಾಬ್‌ಗೆ ಮಿತಿ ಸ್ವಲ್ಪ ಬದಲಾಗುತ್ತದೆ, ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆ ಮಿತಿ ಇರುತ್ತದೆ. ಅಲರ್ಜಿಯಲ್ಲಿ ಏರುವುದು ಇದೇ, ಹುಳ ಬಿದ್ದಾಗ ಏರುವುದೂ ಇದೇ.

ಕಾರಣ ಸರಳ. ಅಂಗಾಂಶದೊಳಗೆ ನುಗ್ಗುವ ಹುಳದ ವಿರುದ್ಧ ದೇಹ ಒಂದು ಪ್ರತ್ಯೇಕ ದಾರಿಯಲ್ಲಿ ಹೋರಾಡುತ್ತದೆ. ಅಲ್ಲಿ ಇಂಟರ್‌ಲ್ಯೂಕಿನ್-4 ಎಂಬ ಸಂದೇಶವಾಹಕ ಐಜಿಇ ತಯಾರಿಸಲು ಹೇಳುತ್ತದೆ, ಇಂಟರ್‌ಲ್ಯೂಕಿನ್-5 ಈಸಿನೋಫಿಲ್‌ಗಳನ್ನು ಹೆಚ್ಚಿಸುತ್ತದೆ. ಅಲರ್ಜಿ ಇರುವವರಲ್ಲಿ ಇದೇ ದಾರಿ ಧೂಳುನುಸಿಗೋ ಪರಾಗಕ್ಕೋ ತೆರೆದುಕೊಳ್ಳುತ್ತದೆ. ಎರಡೂ ಸಂಖ್ಯೆಗಳು ಜೊತೆಯಾಗಿ ಏರುವುದು ಈ ಕಾರಣಕ್ಕೆ. ಯಾರ ವಿರುದ್ಧ ಏರಿದೆ ಎಂಬುದನ್ನು ಒಟ್ಟು ಐಜಿಇ ಹೇಳುವುದಿಲ್ಲ.

ಹಾಗಾದರೆ ಸಂಖ್ಯೆ ನೋಡಿ ಅಲರ್ಜಿಯೋ ಹುಳವೋ ಎಂದು ಹೇಳಲು ಆಗುವುದೇ ಇಲ್ಲವೇ?

ಖಚಿತವಾಗಿ ಆಗುವುದಿಲ್ಲ, ಅಂದಾಜು ಮಾಡಬಹುದು. ಮೂಗು ಸೋರುವ ಅಲರ್ಜಿ, ಸಾಮಾನ್ಯ ಆಸ್ತಮಾದಲ್ಲಿ ಎಇಸಿ ಹೆಚ್ಚಾಗಿ 1,500 ದಾಟುವುದಿಲ್ಲ, ಐಜಿಇ ಕೆಲವು ನೂರುಗಳಲ್ಲಿರುತ್ತದೆ. ಇದಕ್ಕೊಂದು ದೊಡ್ಡ ಅಪವಾದ ಇಸುಬು. ಮೈಯೆಲ್ಲ ಒಣಗಿ, ಮೊಣಕೈ ಮೊಣಕಾಲಿನ ಮಡಿಕೆಗಳಲ್ಲಿ ಚಿಕ್ಕಂದಿನಿಂದ ತುರಿಸುವ ಅಟೋಪಿಕ್ ಇಸುಬಿನಲ್ಲಿ ಹುಳವಿಲ್ಲದೆಯೂ ಐಜಿಇ ಸಾವಿರಗಳಿಗೆ ಹೋಗುತ್ತದೆ.

ಸಂಖ್ಯೆಗಿಂತ ಹೆಚ್ಚು ದಾರಿ ತೋರಿಸುವುದು ವಿಚಾರಣೆ. ತೊಂದರೆ ಯಾವಾಗ ಶುರುವಾಯಿತು? ಚಿಕ್ಕಂದಿನಿಂದ ಸೀನು, ಮನೆಯಲ್ಲಿ ತಂದೆಗೋ ತಾಯಿಗೋ ಆಸ್ತಮಾ, ಹಾಸಿಗೆ ಕೊಡವಿದಾಗ ಹೆಚ್ಚಾಗುವುದು, ಇವೆಲ್ಲ ಅಲರ್ಜಿಯ ಕಡೆಗೆ ವಾಲುತ್ತವೆ. ನಲವತ್ತು ದಾಟಿದ ಮೇಲೆ ಹೊಸದಾಗಿ ಉಬ್ಬಸ, ಗದ್ದೆ ಕೆಲಸ, ಬರಿಗಾಲು, ಬಯಲು ಶೌಚದ ಜಾಗ, ಹೊಟ್ಟೆ ಉರಿ, ಇವು ಹುಳವನ್ನು ನೆನಪಿಸಬೇಕು. ನಮ್ಮ ರೈತನಲ್ಲಿ ಎರಡನೆಯ ಚಿತ್ರವೇ ಎದ್ದು ಕಾಣುತ್ತದೆ. ಎರಡೂ ಒಟ್ಟಿಗೆ ಇರಬಹುದು ಎಂಬುದನ್ನು ಮಾತ್ರ ಮರೆಯಬಾರದು.

ಹೊಟ್ಟೆಯಲ್ಲಿ ಯಾವ ಹುಳ ಇದ್ದರೂ ಈಸಿನೋಫಿಲ್ ಏರುತ್ತದೆಯೇ?

ಇಲ್ಲ. ಏರಿಸುವುದು ದೇಹದ ಅಂಗಾಂಶದೊಳಗೆ ಓಡಾಡುವ ಹುಳ. ಕರುಳಿನ ಪೊಳ್ಳಿನಲ್ಲಿ ಸುಮ್ಮನೆ ಇರುವ ಲಾಡಿಹುಳ, ಮಕ್ಕಳ ಗುದದ್ವಾರದಲ್ಲಿ ರಾತ್ರಿ ತುರಿಸುವ ಸಣ್ಣ ಬಿಳಿ ದಾರದಂಥ ಹುಳ, ಇವು ಅಷ್ಟಾಗಿ ಏರಿಸುವುದಿಲ್ಲ. ಅಮೀಬಾ, ಜಿಯಾರ್ಡಿಯಾ ಹುಳಗಳೇ ಅಲ್ಲ, ಅವು ಸಾಮಾನ್ಯವಾಗಿ ಏರಿಸುವುದೂ ಇಲ್ಲ. ಮಲದಲ್ಲಿ ಅಮೀಬಾ ಸಿಸ್ಟ್ ಕಂಡಿತು, ಕಾರಣ ಸಿಕ್ಕಿತು ಎಂದು ಮೆಟ್ರೊನಿಡಜೋಲ್ ಕೊಟ್ಟು ಕಳಿಸುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು.

ದುಂಡುಹುಳದ ಮೊಟ್ಟೆ ತೊಳೆಯದ ಸೊಪ್ಪು ತರಕಾರಿಯ ಮೂಲಕ ಹೊಟ್ಟೆಗೆ ಹೋಗುತ್ತದೆ. ಹೊರಬಂದ ಮರಿ ಕರುಳನ್ನು ಕೊರೆದು, ರಕ್ತದ ಮೂಲಕ ಶ್ವಾಸಕೋಶ ಸೇರಿ, ಗಂಟಲಿಗೆ ಹತ್ತಿ, ಮತ್ತೆ ನುಂಗಲ್ಪಟ್ಟು ಕರುಳಿಗೆ ಬರುತ್ತದೆ. ಶ್ವಾಸಕೋಶದಲ್ಲಿರುವ ಆ ಒಂದೆರಡು ವಾರ ಕೆಮ್ಮು, ಉಬ್ಬಸ, ಏರಿದ ಈಸಿನೋಫಿಲ್. ಕೊಕ್ಕೆಹುಳ ಮತ್ತು ಸ್ಟ್ರಾಂಗೈಲಾಯ್ಡಿಸ್ ಎಂಬ ಸೂಕ್ಷ್ಮ ಹುಳದ ಮರಿಗಳು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೋಗುತ್ತವೆ. ನಾಲೆ ನೀರಿನ ಬಯಲಿನಲ್ಲಿ ನಾಟಿ, ಕಳೆ ತೆಗೆಯುವ ಕೆಲಸ ಮಾಡುವವರಿಗೆ ಈ ಎರಡೂ ಮುಖ್ಯ. ಕೊಕ್ಕೆಹುಳವಿದ್ದರೆ ಹಿಮೋಗ್ಲೋಬಿನ್ ಸಹ ಇಳಿದಿರುವುದು ಒಂದು ಸುಳಿವು.

ಈ ಪುಟದಲ್ಲಿ ನಾವು ಒತ್ತಿ ಹೇಳುವುದು ಸ್ಟ್ರಾಂಗೈಲಾಯ್ಡಿಸ್ ಬಗ್ಗೆ. ಮಿಕ್ಕ ಹುಳಗಳಿಗೆ ಆಯುಸ್ಸಿದೆ, ಹೊಸ ಸೋಂಕು ತಗುಲದಿದ್ದರೆ ತಾವಾಗಿ ಸಾಯುತ್ತವೆ. ಇದು ಹಾಗಲ್ಲ. ಇದರ ಮರಿಗಳು ದೇಹದಿಂದ ಹೊರಗೆ ಹೋಗುವ ಮೊದಲೇ ಕರುಳಿನ ಗೋಡೆ ಅಥವಾ ಗುದದ ಸುತ್ತಲಿನ ಚರ್ಮವನ್ನು ಕೊರೆದು ಅದೇ ವ್ಯಕ್ತಿಗೆ ಮತ್ತೆ ಸೋಂಕು ಮಾಡುತ್ತವೆ. ಗದ್ದೆ ಕೆಲಸ ಬಿಟ್ಟು ಮೈಸೂರಿಗೆ ಬಂದು ಮೂವತ್ತು ವರ್ಷವಾದವರಲ್ಲೂ ಅದು ಉಳಿದಿರಬಹುದು. ಸೊಂಟ, ಪಿರ್ರೆ, ತೊಡೆಯ ಮೇಲೆ ಗಂಟೆಗೆ ಹಲವು ಸೆಂಟಿಮೀಟರ್ ಸರಿಯುವ ಕೆಂಪು ಗೆರೆಯಂಥ ಗಂಧೆ ಬಂದು, ದಿನದೊಳಗೆ ಮಾಯವಾದರೆ ಅದು ಈ ಮರಿಯ ಓಡಾಟವೇ ಇರಬಹುದು. ನಮ್ಮ ರೈತನ ‘ಬಂದು ಹೋಗುವ ತುರಿಕೆ’ಯನ್ನು ಹಾಗೆ ಬಿಡಿಸಿ ಕೇಳಬೇಕು. ಮುಂದಿನ ಸಲ ಬಂದಾಗ ಮೊಬೈಲ್‌ನಲ್ಲಿ ಫೋಟೋ ತೆಗೆದು, ಅರ್ಧ ಗಂಟೆ ಬಿಟ್ಟು ಇನ್ನೊಂದು ತೆಗೆಯಿರಿ. ಗೆರೆ ಸರಿದಿದೆಯೇ ಎಂಬುದು ಗೊತ್ತಾಗುತ್ತದೆ.

ಮಲ ಪರೀಕ್ಷೆಯಲ್ಲಿ ಮೊಟ್ಟೆ ಇಲ್ಲ ಎಂದು ಬಂತು. ಹುಳ ಇಲ್ಲ ಎಂದಾಯಿತಲ್ಲ?

ಆಗಲಿಲ್ಲ. ದುಂಡುಹುಳದ ಮರಿ ಶ್ವಾಸಕೋಶದಲ್ಲಿರುವಾಗ ಮೊಟ್ಟೆ ಇಡುವ ಹುಳ ಇನ್ನೂ ಬೆಳೆದೇ ಇರುವುದಿಲ್ಲ. ಮಲದಲ್ಲಿ ಮೊಟ್ಟೆ ಕಾಣಲು ಎರಡು ಮೂರು ತಿಂಗಳು ಬೇಕು. ಕೆಮ್ಮು ಜೋರಾಗಿರುವಾಗ ಮಲ ಶುದ್ಧ, ಮಲದಲ್ಲಿ ಮೊಟ್ಟೆ ಕಾಣುವಾಗ ಕೆಮ್ಮು ಇಲ್ಲ.

ಸ್ಟ್ರಾಂಗೈಲಾಯ್ಡಿಸ್ ವಿಷಯದಲ್ಲಿ ತೊಡಕು ಬೇರೆ. ಅದರ ಮೊಟ್ಟೆ ಕರುಳಲ್ಲೇ ಒಡೆದುಬಿಡುವುದರಿಂದ ಮಲದಲ್ಲಿ ಬರುವುದು ಮರಿ. ಅದೂ ಕಡಿಮೆ, ಅದೂ ಪ್ರತಿದಿನ ಬರುವುದಿಲ್ಲ. ಒಂದೇ ಮಾದರಿ ನೋಡಿದರೆ ಸೋಂಕಿರುವವರಲ್ಲಿ ಹೆಚ್ಚಿನವರು ತಪ್ಪಿಹೋಗುತ್ತಾರೆ. ಹಾಗಾಗಿ ಬೇರೆ ಬೇರೆ ದಿನ ಕನಿಷ್ಠ ಮೂರು ಮಾದರಿ ಕೊಡಬೇಕು. ಅದರ ಜೊತೆಗೆ ರಕ್ತದಲ್ಲಿ ಸ್ಟ್ರಾಂಗೈಲಾಯ್ಡಿಸ್ ಐಜಿಜಿ ಪ್ರತಿಕಾಯ ನೋಡಿದರೆ ಹಿಡಿಯುವ ಸಾಧ್ಯತೆ ಬಹಳ ಹೆಚ್ಚುತ್ತದೆ. ಈ ರಕ್ತ ಪರೀಕ್ಷೆಗೂ ಮಿತಿಯಿದೆ. ಬೇರೆ ಹುಳವಿದ್ದರೂ ಪಾಸಿಟಿವ್ ಬರಬಹುದು, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಹುಳವಿದ್ದರೂ ನೆಗೆಟಿವ್ ಬರಬಹುದು. ಎಲ್ಲ ಲ್ಯಾಬ್‌ನಲ್ಲೂ ಇದನ್ನು ಮಾಡುವುದಿಲ್ಲ. ಮೈಕ್ರೋಬಯಾಲಜಿ ವಿಭಾಗವಿರುವ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲವೇ ನಿಮ್ಮ ಲ್ಯಾಬ್ ಹೊರಗೆ ಕಳಿಸುತ್ತದೆಯೇ ಕೇಳಿ.

ಮಲದ ಮಾದರಿಯನ್ನು ಸರಿಯಾಗಿ ಕೊಡುವುದು ಹೇಗೆ?

ಜಂತುಹುಳದ ಮಾತ್ರೆ ತೆಗೆದುಕೊಳ್ಳುವ ಮೊದಲೇ ಕೊಡಿ. ಅಗಲ ಬಾಯಿಯ ಒಣ ಡಬ್ಬಿ ಇರಲಿ, ಮೂತ್ರವಾಗಲಿ ಕಮೋಡಿನ ನೀರಾಗಲಿ ಸೇರಬಾರದು. ಒಂದು ದೊಡ್ಡ ನೆಲ್ಲಿಕಾಯಿಯಷ್ಟು ಸಾಕು. ಲೋಳೆಯೋ ರಕ್ತವೋ ಇದ್ದರೆ ಆ ಭಾಗವನ್ನೇ ತೆಗೆಯಿರಿ. ಒಂದೆರಡು ಗಂಟೆಯೊಳಗೆ ಲ್ಯಾಬ್ ತಲುಪಬೇಕು.

ಸ್ಟ್ರಾಂಗೈಲಾಯ್ಡಿಸ್ ಹುಡುಕುತ್ತಿದ್ದರೆ ಡಬ್ಬಿಯನ್ನು ಫ್ರಿಜ್‌ನಲ್ಲಿ ಇಡಬೇಡಿ. ತಣ್ಣಗಾದರೆ ಮರಿ ಅಲುಗಾಡುವುದು ನಿಲ್ಲುತ್ತದೆ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಬೀಳುವುದು ಆ ಅಲುಗಾಟವೇ. ಹಾಗೆಂದು ದಿನಗಟ್ಟಲೆ ಹೊರಗಿಟ್ಟರೆ ಕೊಕ್ಕೆಹುಳದ ಮೊಟ್ಟೆ ಒಡೆದು ಮರಿಯಾಗಿ, ಎರಡರಲ್ಲಿ ಯಾವುದು ಎಂಬ ಗೊಂದಲವಾಗುತ್ತದೆ. ರಿಕ್ವೆಸ್ಟ್ ಚೀಟಿಯ ಮೇಲೆ ಡಾಕ್ಟರಿಂದ ‘ಸ್ಟ್ರಾಂಗೈಲಾಯ್ಡಿಸ್ ಮರಿ ಇದೆಯೇ ನೋಡಿ’ ಎಂದು ಬರೆಸಿ. ಬರೆಯದಿದ್ದರೆ ಲ್ಯಾಬ್‌ನವರು ಸಾಮಾನ್ಯವಾಗಿ ಮೊಟ್ಟೆ, ಸಿಸ್ಟ್ ಮಾತ್ರ ಹುಡುಕುತ್ತಾರೆ. ಅಗರ್ ತಟ್ಟೆಯ ಮೇಲೆ ಮಲವಿಟ್ಟು ಮರಿ ಹರಿದಾಡಿದ ಜಾಡು ನೋಡುವ ವಿಧಾನ ಇದ್ದರೆ ಇನ್ನೂ ಒಳ್ಳೆಯದು.

ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ ನುಂಗುತ್ತೇನೆ. ಆದರೂ ಹುಳ ಇರಬಹುದೇ?

ಅಲ್ಬೆಂಡಜೋಲ್ 400 ಮಿಲಿಗ್ರಾಂ ಒಂದೇ ಮಾತ್ರೆ ದುಂಡುಹುಳಕ್ಕೆ ಚೆನ್ನಾಗಿ, ಕೊಕ್ಕೆಹುಳಕ್ಕೂ ಬಹುಮಟ್ಟಿಗೆ ಕೆಲಸ ಮಾಡುತ್ತದೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಕೊಡುವುದೂ ಇದನ್ನೇ. ಆದರೆ ಸ್ಟ್ರಾಂಗೈಲಾಯ್ಡಿಸ್ ಒಂದು ಮಾತ್ರೆಗೆ ಹೋಗುವುದಿಲ್ಲ. ಅಲ್ಬೆಂಡಜೋಲನ್ನೇ ಕೊಡಬೇಕೆಂದರೆ ದಿನಕ್ಕೆ ಎರಡು ಸಲ ಏಳು ದಿನ ಬೇಕು, ಆಗಲೂ ಐವರ್ಮೆಕ್ಟಿನ್‌ನಷ್ಟು ಪರಿಣಾಮವಿಲ್ಲ. ‘ಹುಳದ ಮಾತ್ರೆ ಆಯಿತು, ಈಸಿನೋಫಿಲ್ ಇಳಿಯಲಿಲ್ಲ, ಆದ್ದರಿಂದ ಹುಳವಲ್ಲ’ ಎಂಬ ತರ್ಕ ಇಲ್ಲೇ ಸೋಲುವುದು.

ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆ ಬರೆದಿದ್ದಾರೆ. ಅದರಿಂದ ಈಸಿನೋಫಿಲ್ ಕೂಡ ಇಳಿಯುತ್ತದಂತೆ. ಶುರು ಮಾಡಲೇ?

ಇಳಿಯುವುದು ನಿಜ. ಪ್ರೆಡ್ನಿಸೊಲೋನ್ ಆಗಲಿ ಡೆಕ್ಸಾಮೆಥಾಸೋನ್ ಆಗಲಿ ರಿಪೋರ್ಟನ್ನು ಬೇಗ ಸರಿಮಾಡುತ್ತದೆ, ಉಬ್ಬಸವೂ ಕೆಲದಿನ ತಗ್ಗುತ್ತದೆ. ಒಳಗೆ ಸ್ಟ್ರಾಂಗೈಲಾಯ್ಡಿಸ್ ಇದ್ದರೆ ಅಪಾಯ ಆರಂಭವಾಗುವುದೂ ಆಗಲೇ. ಅದುವರೆಗೆ ದೇಹ ಹತೋಟಿಯಲ್ಲಿಟ್ಟಿದ್ದ ಹುಳ ಸ್ಟೀರಾಯ್ಡ್ ಸಿಕ್ಕಮೇಲೆ ಹತೋಟಿ ಮೀರಿ ಹೆಚ್ಚುತ್ತದೆ. ಸಾವಿರಾರು ಮರಿಗಳು ಕರುಳನ್ನು ಕೊರೆದು ಶ್ವಾಸಕೋಶಕ್ಕೆ, ಕೆಲವೊಮ್ಮೆ ಮೆದುಳಿನವರೆಗೂ ಹೋಗುತ್ತವೆ. ಹೋಗುವಾಗ ಕರುಳಿನ ಬ್ಯಾಕ್ಟೀರಿಯಾಗಳನ್ನೂ ರಕ್ತಕ್ಕೆ ಒಯ್ಯುತ್ತವೆ. ಜ್ವರ, ಹೊಟ್ಟೆನೋವು, ವಾಂತಿ, ಹೆಚ್ಚುವ ಉಸಿರಾಟದ ತೊಂದರೆ, ಮಿದುಳಿನ ಪೊರೆಯ ಸೋಂಕು. ಗುರುತಿಸಿ ಚಿಕಿತ್ಸೆ ಮಾಡದಿದ್ದರೆ ಸಾವಿನ ಸಂಭವವೇ ಹೆಚ್ಚು.

ಮೋಸ ಹೋಗುವುದು ಎರಡು ಕಡೆ. ಈ ಹಂತದಲ್ಲಿ ಈಸಿನೋಫಿಲ್ ಸಹಜ ಅಥವಾ ಸೊನ್ನೆ ಇರಬಹುದು, ಹಾಗಾಗಿ ಹುಳ ಯಾರ ನೆನಪಿಗೂ ಬರುವುದಿಲ್ಲ. ಉಸಿರಾಟ ಕೆಡುತ್ತಿರುವುದನ್ನು ‘ಆಸ್ತಮಾ ಜೋರಾಯಿತು’ ಎಂದು ಓದಿ ಸ್ಟೀರಾಯ್ಡ್ ಇನ್ನಷ್ಟು ಏರಿಸಿಬಿಡಬಹುದು.

ಆದ್ದರಿಂದ ಗದ್ದೆ ಕೆಲಸದ ಹಿನ್ನೆಲೆ ಇದ್ದು ಈಸಿನೋಫಿಲ್ ಏರಿರುವವರಿಗೆ ಸ್ಟೀರಾಯ್ಡ್ ಮಾತ್ರೆ ಶುರುವಾಗುವ ಮೊದಲೇ ಸ್ಟ್ರಾಂಗೈಲಾಯ್ಡಿಸ್ ಪರೀಕ್ಷೆ ಆಗಬೇಕು. ಪರೀಕ್ಷೆ ಸಿಗದ ಊರಾದರೆ, ಇಲ್ಲವೇ ಕಾಯಲು ಸಮಯವಿಲ್ಲದಿದ್ದರೆ, ಡಾಕ್ಟರು ಐವರ್ಮೆಕ್ಟಿನ್ ಕೊಟ್ಟು ಮುಂದುವರಿಯಬಹುದು. ಇದು ಒಪ್ಪಿತ ಕ್ರಮ. ಆದರೆ ಉಸಿರು ಕಟ್ಟುವಂಥ ತೀವ್ರ ಆಸ್ತಮಾ ದಾಳಿಯಲ್ಲಿ ಆಸ್ಪತ್ರೆಯವರು ಕೊಡುವ ಸ್ಟೀರಾಯ್ಡನ್ನು ಬೇಡ ಎನ್ನಬೇಡಿ. ಆಗ ಪ್ರಾಣ ಉಳಿಸುವುದು ಅದೇ. ಐವರ್ಮೆಕ್ಟಿನ್ ಜೊತೆಯಲ್ಲೇ ನಡೆಯಬಹುದು. ದಿನನಿತ್ಯದ ಇನ್‌ಹೇಲರ್‌ನಲ್ಲಿರುವ ಸ್ಟೀರಾಯ್ಡ್ ಪ್ರಮಾಣ ಬಹಳ ಕಡಿಮೆ, ಅದನ್ನು ನಿಲ್ಲಿಸಬೇಕಿಲ್ಲ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆಯಲ್ಲಿರುವವರು ಇದನ್ನು ಓದಿ ಏಕಾಏಕಿ ಬಿಡಲೂಬಾರದು, ಡಾಕ್ಟರಿಗೆ ಹೇಳಿ ನಿಧಾನವಾಗಿ ಇಳಿಸಬೇಕು. ಹೆಸರಿಲ್ಲದ ಉಬ್ಬಸದ ಪುಡಿ, ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಇದೆ. ಅದನ್ನೂ ಮುಚ್ಚಿಡದೆ ಹೇಳಿ.

ಹಾಗಾದರೆ ಆ ರೈತನಿಗೆ ಏನೇನು, ಯಾವ ಕ್ರಮದಲ್ಲಿ ಮಾಡಬೇಕು?

ಮೊದಲು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ. ಆಮೇಲೆ ಸಿಬಿಸಿ ಮತ್ತೊಮ್ಮೆ, ಸ್ಲೈಡ್ ಸಮೇತ. ಎದೆಯ ಎಕ್ಸ್‌ರೇ, ಊದುವ ಪರೀಕ್ಷೆ, ಲಿವರ್ ಮತ್ತು ಕಿಡ್ನಿ ಪರೀಕ್ಷೆ. ಮೂರು ದಿನದ ಮಲ, ಸ್ಟ್ರಾಂಗೈಲಾಯ್ಡಿಸ್ ಪ್ರತಿಕಾಯ. ಉಬ್ಬಸವೂ ಇದ್ದು ಐಜಿಇ 500 ದಾಟಿರುವುದರಿಂದ ಆಸ್ಪರ್ಜಿಲಸ್ ಶಿಲೀಂಧ್ರದ ಐಜಿಇ, ಜೊತೆಗೆ ಧೂಳುನುಸಿಯ ಐಜಿಇ.

ಫಲಿತಾಂಶ ಹೀಗೆ ಬಂತು ಎಂದುಕೊಳ್ಳೋಣ: ಎಇಸಿ 1,690, ಎಕ್ಸ್‌ರೇ ಸರಿ, ಮೊದಲ ಎರಡು ಮಲ ಶುದ್ಧ, ಮೂರನೆಯದರಲ್ಲಿ ಸ್ಟ್ರಾಂಗೈಲಾಯ್ಡಿಸ್ ಮರಿ. ಆಸ್ಪರ್ಜಿಲಸ್ ನೆಗೆಟಿವ್, ಧೂಳುನುಸಿ ಸ್ಪಷ್ಟವಾಗಿ ಪಾಸಿಟಿವ್. ಊದುವ ಪರೀಕ್ಷೆಯಲ್ಲಿ ಆಸ್ತಮಾ.

ಐವರ್ಮೆಕ್ಟಿನ್ ಪ್ರಮಾಣ ಕೆಜಿಗೆ 200 ಮೈಕ್ರೋಗ್ರಾಂ. 58 × 200 = 11,600 ಮೈಕ್ರೋಗ್ರಾಂ, ಅಂದರೆ 12 ಮಿಲಿಗ್ರಾಂನ ಒಂದು ಮಾತ್ರೆ. ದಿನಕ್ಕೊಂದರಂತೆ ಒಂದು ಅಥವಾ ಎರಡು ದಿನ. ಗರ್ಭಿಣಿಯರಿಗೆ, 15 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು. ಆಸ್ತಮಾಕ್ಕೆ ಇನ್‌ಹೇಲರ್ ಬೇರೆಯಾಗಿ ನಡೆಯುತ್ತದೆ.

ಚಿಕಿತ್ಸೆಯ ಮೊದಲ ಒಂದೆರಡು ವಾರ ಈಸಿನೋಫಿಲ್ ಇಳಿಯುವ ಬದಲು ಏರಬಹುದು. ಸಾಯುವ ಹುಳದಿಂದ ಬಿಡುಗಡೆಯಾಗುವ ಪದಾರ್ಥಗಳಿಗೆ ದೇಹ ಸ್ಪಂದಿಸುವುದರಿಂದ ಹೀಗಾಗುತ್ತದೆ, ಔಷಧಿ ಸೋತಿತು ಎಂದಲ್ಲ. ಮೂರು ತಿಂಗಳ ನಂತರ ಎಇಸಿ 620, ಐಜಿಇ 980 ಬಂದರೆ ಹುಳದ ಪಾಲು ಹೋಗಿದೆ, ಉಳಿದದ್ದು ಧೂಳುನುಸಿಯ ಪಾಲು ಎಂದು ಓದಬಹುದು. ಹೊಟ್ಟೆ ಉರಿ, ಸರಿಯುವ ತುರಿಕೆ ನಿಂತು ಉಬ್ಬಸ ಮಾತ್ರ ಇನ್‌ಹೇಲರ್ ಬಿಟ್ಟಾಗ ಮರಳುವುದೂ ಅದಕ್ಕೆ ಹೊಂದುತ್ತದೆ.

ಮೆಡಿಕಲ್ ಶಾಪ್‌ನಲ್ಲಿ ‘ಈಸಿನೋಫಿಲಿಯಾ ಮಾತ್ರೆ’ ಎಂದು ಡಿಇಸಿ ಕೊಟ್ಟರು. ತೆಗೆದುಕೊಳ್ಳಬಹುದೇ?

ಡಿಇಸಿ ಆನೆಕಾಲು ರೋಗದ ಹುಳದ ಔಷಧಿ, ಈಸಿನೋಫಿಲ್ ಏರಿದವರಿಗೆಲ್ಲ ಅಲ್ಲ. ಆ ಹುಳಕ್ಕೆ ಕೆಲವರ ಶ್ವಾಸಕೋಶ ಅತಿಯಾಗಿ ಪ್ರತಿಕ್ರಿಯಿಸಿದಾಗ ರಾತ್ರಿ ಹೆಚ್ಚಾಗುವ ಒಣ ಕೆಮ್ಮು, ಉಬ್ಬಸ, ತೂಕ ಇಳಿಕೆ ಬರುತ್ತದೆ. ಎಇಸಿ ಸಾಮಾನ್ಯವಾಗಿ 3,000 ದಾಟಿರುತ್ತದೆ, ಐಜಿಇ 1,000 ದಾಟಿರುತ್ತದೆ, ಫೈಲೇರಿಯಾ ಪ್ರತಿಕಾಯ ಬಹಳ ಹೆಚ್ಚಿರುತ್ತದೆ. ರಾತ್ರಿ ರಕ್ತ ತೆಗೆದರೂ ಹುಳದ ಮರಿ ಕಾಣುವುದಿಲ್ಲ. ಆಗ ಡಿಇಸಿ ಕೆಜಿಗೆ 6 ಮಿಲಿಗ್ರಾಂನಂತೆ, ದಿನಕ್ಕೆ ಮೂರು ಪಾಲು ಮಾಡಿ, ಮೂರು ವಾರ.

ಕರಾವಳಿಯಲ್ಲೋ ಕಲಬುರಗಿ, ಬೀದರ್ ಕಡೆಯಲ್ಲೋ ವರ್ಷಗಟ್ಟಲೆ ಇದ್ದು ಬಂದವರಲ್ಲಿ ಇದನ್ನು ಗಂಭೀರವಾಗಿ ಯೋಚಿಸಬೇಕು. ಮಂಡ್ಯದಿಂದ ಹೊರಗೇ ಹೋಗದ, ಎಇಸಿ 1,700ರ ನಮ್ಮ ರೈತನಿಗೆ ಅದು ಹೊಂದುವುದಿಲ್ಲ. ಡಿಇಸಿ ಸ್ಟ್ರಾಂಗೈಲಾಯ್ಡಿಸ್‌ಗೆ ಚಿಕಿತ್ಸೆಯಲ್ಲ. ಮೂರು ವಾರ ನುಂಗಿ ‘ಚಿಕಿತ್ಸೆ ಆಯಿತು’ ಎಂದುಕೊಂಡರೆ ನಿಜವಾದ ಕಾರಣ ಒಳಗೇ ಉಳಿಯುತ್ತದೆ.

ದೊಡ್ಡ ಅಲರ್ಜಿ ಪ್ಯಾನಲ್ ಮಾಡಿಸಿದರೆ ಎಲ್ಲ ಗೊತ್ತಾಗುವುದಿಲ್ಲವೇ?

ಒಟ್ಟು ಐಜಿಇ ಸಾವಿರ ದಾಟಿದವರಲ್ಲಿ ಪ್ಯಾನಲ್ ಮಾಡಿದರೆ ಹತ್ತಾರು ಪದಾರ್ಥಗಳಿಗೆ ಸಣ್ಣ ಸಣ್ಣ ಪಾಸಿಟಿವ್ ಬರುವುದು ಸಾಮಾನ್ಯ. ಬದನೆಕಾಯಿ, ಕಡಲೆ, ಅಕ್ಕಿ ಎಂದು ಪಟ್ಟಿ ಬರುತ್ತದೆ, ಮನೆಯಲ್ಲಿ ಅಡುಗೆಯೇ ನಿಂತುಹೋಗುತ್ತದೆ. ಪಾಸಿಟಿವ್ ಅಂದರೆ ಆ ಪದಾರ್ಥದ ವಿರುದ್ಧ ಪ್ರತಿಕಾಯ ಇದೆ ಎಂದಷ್ಟೇ. ತಿಂದ ಎರಡು ಗಂಟೆಯೊಳಗೆ ಗಂಧೆ, ತುಟಿ ಊತ, ವಾಂತಿ ಆಗಿಲ್ಲದಿದ್ದರೆ ಆ ಆಹಾರ ಬಿಡಬೇಕಿಲ್ಲ. ಹುಳದ ಮೈಯಲ್ಲಿರುವ ಕೆಲವು ಪ್ರೋಟೀನ್‌ಗಳು ಧೂಳುನುಸಿ, ಜಿರಳೆಯ ಪ್ರೋಟೀನ್‌ಗಳನ್ನು ಹೋಲುವುದರಿಂದ ಹುಳದಿಂದಲೇ ಆ ಪರೀಕ್ಷೆ ಪಾಸಿಟಿವ್ ಆಗುವುದೂ ಉಂಟು. ಲಕ್ಷಣಕ್ಕೆ ತಕ್ಕಂತೆ ನಾಲ್ಕೈದು ಆರಿಸಿ ನೋಡುವುದು ಉತ್ತಮ: ಧೂಳುನುಸಿ, ಜಿರಳೆ, ಪಾರ್ಥೇನಿಯಂ ಪರಾಗ, ಆಸ್ಪರ್ಜಿಲಸ್. ಆಹಾರಕ್ಕೆ ಐಜಿಜಿ ನೋಡುವ ಪ್ಯಾನಲ್‌ಗಳಿಂದ ಅಲರ್ಜಿ ತಿಳಿಯುವುದಿಲ್ಲ, ಹಣ ದಂಡ.

ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಗೆ ಸೆಟಿರಿಜಿನ್‌ನಂಥ ಮಾತ್ರೆಗಳನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕು. ರಕ್ತದ ಐಜಿಇ ಪರೀಕ್ಷೆಗೆ ನಿಲ್ಲಿಸಬೇಕಿಲ್ಲ.

ಆಸ್ಪರ್ಜಿಲಸ್ ಯಾಕೆ ನೋಡುವುದು?

ಆಸ್ತಮಾ ಇರುವ ಕೆಲವರ ಶ್ವಾಸನಾಳದಲ್ಲಿ ಈ ಶಿಲೀಂಧ್ರ ನೆಲೆಸಿ, ದೇಹ ಅದಕ್ಕೆ ಅಲರ್ಜಿಯಾಗಿ ಸ್ಪಂದಿಸುತ್ತದೆ. ಐಜಿಇ 500 ದಾಟಿ ಆಸ್ಪರ್ಜಿಲಸ್ ಐಜಿಇ ಕೂಡ ಪಾಸಿಟಿವ್ ಇದ್ದರೆ ಅನುಮಾನ ಬಲವಾಗುತ್ತದೆ. ಕಂದು ಬಣ್ಣದ ಗಟ್ಟಿ ಕಫದ ತುಂಡು, ಎಕ್ಸ್‌ರೇಯಲ್ಲಿ ಜಾಗ ಬದಲಿಸುವ ಮಬ್ಬು ಇದರ ಗುರುತು. ಕ್ಷಯ ಎಂದು ತಪ್ಪಾಗಿ ಮಾತ್ರೆ ಶುರುವಾಗುವುದೂ ಇದೆ. ಚಿಕಿತ್ಸೆಗೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಬೇಕಾಗಬಹುದು, ಆದ್ದರಿಂದ ಇಲ್ಲಿಯೂ ಮೊದಲು ಸ್ಟ್ರಾಂಗೈಲಾಯ್ಡಿಸ್ ನೋಡಿಕೊಳ್ಳಬೇಕು.

ಮಾತ್ರೆಗಳಿಂದಲೂ ಈಸಿನೋಫಿಲ್ ಏರುತ್ತದೆಯೇ?

ಏರುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯೂರಿನಾಲ್, ಸಲ್ಫಾ ಮಾತ್ರೆಗಳು, ಡ್ಯಾಪ್ಸೋನ್ ಮುಖ್ಯವಾದವು. ಹೊಸ ಮಾತ್ರೆ ಶುರುಮಾಡಿ ಎರಡರಿಂದ ಎಂಟು ವಾರದೊಳಗೆ ಜ್ವರ, ಮೈತುಂಬ ಗಂಧೆ, ಮುಖ ಊತ, ಕುತ್ತಿಗೆಯಲ್ಲಿ ಗಡ್ಡೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಲಿವರ್ ಕೆಡುವ ತೀವ್ರ ಪ್ರತಿಕ್ರಿಯೆ ಅದು.

ನಾಲ್ಕು ವರ್ಷದ ಮಗುವಿಗೆ ಎಇಸಿ 4,000 ಬಂದಿದೆ. ಮಣ್ಣು ತಿನ್ನುವ ಅಭ್ಯಾಸವಿದೆ.

ಮಣ್ಣು ತಿನ್ನುವ, ನಾಯಿಮರಿಯೊಡನೆ ಆಡುವ ಮಗುವಿನಲ್ಲಿ ಟಾಕ್ಸೊಕಾರಾ ಎಂಬ ನಾಯಿಯ ದುಂಡುಹುಳವನ್ನು ನೆನೆಯಬೇಕು. ಮನುಷ್ಯರಲ್ಲಿ ಅದು ಬೆಳೆದು ಮೊಟ್ಟೆ ಇಡುವುದೇ ಇಲ್ಲ, ಹಾಗಾಗಿ ಎಷ್ಟು ಸಲ ಮಲ ನೋಡಿದರೂ ಸಿಗುವುದಿಲ್ಲ. ರಕ್ತದ ಪ್ರತಿಕಾಯ ನೋಡಬೇಕು. ಮರಿ ಕಣ್ಣಿಗೂ ಹೋಗಬಲ್ಲದು, ಆದ್ದರಿಂದ ಕಣ್ಣಿನ ಪರೀಕ್ಷೆಯೂ ಆಗಲಿ. ಅಲ್ಬೆಂಡಜೋಲನ್ನು ಒಂದು ಮಾತ್ರೆಯಲ್ಲ, ಹಲವು ದಿನ ಮಕ್ಕಳ ವೈದ್ಯರ ಲೆಕ್ಕದಂತೆ ಕೊಡಬೇಕಾಗುತ್ತದೆ. ಮಣ್ಣು ತಿನ್ನುವುದಕ್ಕೆ ಕಬ್ಬಿಣದ ಕೊರತೆಯೂ ಕಾರಣವಿರಬಹುದು, ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ನೋಡಿಸಿ. ಮನೆಯ ನಾಯಿಗೂ ಪಶುವೈದ್ಯರಿಂದ ಹುಳದ ಔಷಧಿ ಹಾಕಿಸಿ.

ಯಾವಾಗ ತಡಮಾಡಬಾರದು?

ಎಇಸಿ 5,000 ದಾಟಿದರೆ ಲಕ್ಷಣವಿಲ್ಲದಿದ್ದರೂ ಕೆಲವೇ ದಿನಗಳಲ್ಲಿ ಫಿಜಿಷಿಯನ್ ಕಾಣಿ. ಈಸಿನೋಫಿಲ್‌ಗಳು ಬಹುಕಾಲ ಹೆಚ್ಚಿದ್ದರೆ ಹೃದಯದ ಒಳಪದರವನ್ನೇ ಹಾಳುಮಾಡಬಲ್ಲವು. ಎದೆನೋವು, ನಡೆದರೆ ಏದುಸಿರು, ಕಾಲು ಊತ ಇದ್ದರೆ ಇಸಿಜಿ, ಎಕೋ, ಟ್ರೊಪೊನಿನ್ ಅಂದೇ ಆಗಬೇಕು. ಆಸ್ತಮಾ ಇರುವವರಲ್ಲಿ ಪಾದ ಅಥವಾ ಕೈ ದಿಢೀರನೆ ಜೋಮು ಹಿಡಿದು ಬಲ ಕಳೆದುಕೊಂಡರೆ ಅದು ರಕ್ತನಾಳಗಳ ಉರಿಯೂತ ಇರಬಹುದು. ಹುಳವೂ ಅಲರ್ಜಿಯೂ ಇಲ್ಲದೆ 1,500ರ ಮೇಲೆಯೇ ಉಳಿದರೆ ರಕ್ತರೋಗ ತಜ್ಞರು ನೋಡಬೇಕು.

ಮತ್ತೆ ಯಾವಾಗ ಪರೀಕ್ಷೆ ಮಾಡಿಸುವುದು? ಐಜಿಇ ಇಳಿಯುತ್ತಲೇ ಇಲ್ಲ.

ಹುಳಕ್ಕೆ ಚಿಕಿತ್ಸೆ ಆದ ಮೇಲೆ ಮೂರು ತಿಂಗಳಿಗೆ ಎಇಸಿ ನೋಡಿ, ವಾರವಾರ ಮಾಡಿಸಬೇಡಿ. ಸ್ಟ್ರಾಂಗೈಲಾಯ್ಡಿಸ್ ಪ್ರತಿಕಾಯವನ್ನು ಆರು ತಿಂಗಳಿಂದ ಒಂದು ವರ್ಷದೊಳಗೆ ಅದೇ ಲ್ಯಾಬ್‌ನಲ್ಲಿ ಮರುಪರೀಕ್ಷಿಸಿ, ಮಟ್ಟ ಗಣನೀಯವಾಗಿ ಇಳಿದಿರಬೇಕು. ರಕ್ತದಲ್ಲಿ ಐಜಿಇ ಎರಡು ಮೂರು ದಿನದಲ್ಲಿ ಅರ್ಧಕ್ಕಿಳಿಯುತ್ತದೆ, ಆದರೆ ಅದನ್ನು ತಯಾರಿಸುವ ಕಣಗಳು ತಿಂಗಳುಗಟ್ಟಲೆ ಕೆಲಸ ನಿಲ್ಲಿಸುವುದಿಲ್ಲ. ಅಲರ್ಜಿ ಇರುವವರಲ್ಲಿ ಅದು ಸಹಜ ಮಿತಿಗೆ ಬಾರದೇ ಇರಬಹುದು. ಹಾಗಾಗಿ ಐಜಿಇ ಸಂಖ್ಯೆಗೆ ಚಿಕಿತ್ಸೆ ಕೊಡುವುದಿಲ್ಲ. ಅದನ್ನು ಪದೇ ಪದೇ ಅಳೆಯಬೇಕಾದದ್ದು ಮುಖ್ಯವಾಗಿ ಆಸ್ಪರ್ಜಿಲಸ್ ಅಲರ್ಜಿ ಇರುವವರಲ್ಲಿ.

ಮೂರು ತಿಂಗಳಿಗೂ ಎಇಸಿ ಇಳಿಯದಿದ್ದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಔಷಧಿಯ ಪ್ರಮಾಣ ತೂಕಕ್ಕೆ ತಕ್ಕಂತಿತ್ತೇ? ಅದೇ ಗದ್ದೆಗೆ ಬರಿಗಾಲಲ್ಲೇ ಇಳಿಯುತ್ತಿದ್ದೀರಾ? ಕೆಸರು ಗದ್ದೆಯಲ್ಲಿ ಚಪ್ಪಲಿ ನಿಲ್ಲುವುದಿಲ್ಲ ಎಂಬುದು ನಿಜ, ಮೊಣಕಾಲುದ್ದದ ಗಂಬೂಟು ನಾಟಿಯ ಕೆಲಸಕ್ಕೆ ತೊಡಕೇ. ಕನಿಷ್ಠ ಬದುವಿನ ಮೇಲೆ, ತಿಪ್ಪೆಯ ಬಳಿ, ಶೌಚಕ್ಕೆ ಬಳಸುವ ಜಾಗದ ಸುತ್ತ ಚಪ್ಪಲಿ ಹಾಕಿ. ಮರಿಗಳು ಹೆಚ್ಚಾಗಿ ಇರುವುದು ನೀರು ನಿಂತ ಕೆಸರಿಗಿಂತ ನೆರಳಿನ ಒದ್ದೆ ಮಣ್ಣಿನಲ್ಲಿ.